ಕೊಲೆಗಾರ ಇವನೇ! ಆದರೂ ಸೀಟು ಬಿಟ್ಟು ಏಳಂಗಿಲ್ಲ!

ಬಸ್ ಸ್ಟ್ಯಾಂಡಿನಲ್ಲಿ ಪತ್ತೇದಾರಿ ಕಾದಂಬರಿ ಕೊಂಡು, ಬಸ್ಸು ಹತ್ತುವ ಮೊದಲೇ ಕೊನೇ ಪುಟ ತಿರುವಿ ನೋಡುವ ಮಹಾಶಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಕೊಲೆಗಾರ ಯಾರು ಅಂತ ಗೊತ್ತಾಯಿತೋ, ಪುಸ್ತಕದ ಜೀವ ಹೋಯಿತು! ಥಿಯೇಟರಿನಲ್ಲೂ ಅದೇ ಕಥೆ. ಮ್ಯಾಟಿನಿ ನೋಡಿ ಹೊರಬಂದವನು ಗೇಟಿನಲ್ಲೇ "ಕೊಲಿ ಮಾಡಿದಾಂವ ಆ ಡಾಕ್ಟರಲೇ!" ಅಂತ ಕೂಗಿಬಿಟ್ಟರೆ, ಫಸ್ಟ್ ಷೋ ಕ್ಯೂನಲ್ಲಿ ನಿಂತವನ ದುಡ್ಡು ನೀರಿಗೆ ಬಿದ್ದಂತೆ.

ಆದರೆ ಇನ್ನೊಂದು ಜಾತಿಯ ಕಥೆ ಇದೆ. ಅಲ್ಲಿ ಯಾರು ಎಷ್ಟು ಕೂಗಿದರೂ ನಷ್ಟವಿಲ್ಲ. ಕೊಲೆ ಮಾಡಿದವನನ್ನು ಮೊದಲ ರೀಲಿನಲ್ಲೇ ನಮ್ಮ ಕಣ್ಣಮುಂದೆ ತಂದು ನಿಲ್ಲಿಸುತ್ತಾರೆ. ಹೇಗೆ ಮಾಡಿದ, ಹೇಗೆ ಮುಚ್ಚಿಟ್ಟ, ಎಲ್ಲವನ್ನೂ ತೋರಿಸುತ್ತಾರೆ. ಉಳಿಯುವುದು ಒಂದೇ ಪ್ರಶ್ನೆ: ಇವನು ಸಿಕ್ಕಿಬೀಳೋದು ಹೇಗೆ?

1912ರಲ್ಲಿ ಇಂಗ್ಲೆಂಡಿನ ಆಸ್ಟಿನ್ ಫ್ರೀಮನ್ ಎಂಬಾತ 'ದಿ ಸಿಂಗಿಂಗ್ ಬೋನ್' ಎಂಬ ಪುಸ್ತಕದಲ್ಲಿ ಈ ದಾರಿ ತೆರೆದ. ಮೊದಲ ಭಾಗದಲ್ಲಿ ಅಪರಾಧ, ಎರಡನೇ ಭಾಗದಲ್ಲಿ ಪತ್ತೆ. ನಮ್ಮ ಕನ್ನಡದ ಹುಡುಗರಿಗೆ ಇದರ ರುಚಿ ಹತ್ತಿಸಿದ್ದು 2014ರ 'ದೃಶ್ಯ'. ಪಿ. ವಾಸು ನಿರ್ದೇಶನ, ಕೇಬಲ್ ಆಪರೇಟರ್ ಆಗಿ ರವಿಚಂದ್ರನ್. ಮಗಳ ಕೈಯಿಂದ ಹುಡುಗ ಸತ್ತಿದ್ದನ್ನು ನಾವೇ ನೋಡಿದ್ದೇವೆ. ಆದರೂ ಪೊಲೀಸರು ಒಂದೊಂದು ಸಾಕ್ಷಿಯನ್ನು ಕರೆದು ಕೇಳುವಾಗ ಕುರ್ಚಿಯ ತುದಿಗೆ ಬಂದು ಕೂತಿರಲಿಲ್ಲವೇ? ಕಂಡಕ್ಟರ್ ಸುಳ್ಳು ಹೇಳುತ್ತಿಲ್ಲ, ಹೋಟೆಲಿನವನೂ ಸುಳ್ಳು ಹೇಳುತ್ತಿಲ್ಲ. ಅವರು ನೋಡಿದ್ದೆಲ್ಲ ನಿಜ, ದಿನ ಮಾತ್ರ ಬೇರೆ! ಆ ಗಂಟನ್ನು ಪೊಲೀಸ್ ಅಧಿಕಾರಿಯಾದ ಆ ತಾಯಿ ಬಿಚ್ಚುತ್ತಾ ಹೋಗುವುದೇ ಚಿತ್ರದ ಉಸಿರು.

ಕೊಪ್ಪಳ, ಗಂಗಾವತಿ ಕಡೆಯಿಂದಲೂ ಕಥೆ ಬರೆದುಕೊಂಡು ಗಾಂಧಿನಗರಕ್ಕೆ ಬಸ್ಸು ಹತ್ತುವ ಹುಡುಗರಿದ್ದಾರೆ. ಅವರಿಗಾಗಿ ಈ ಜಾತಿಯ ಕಥೆ ಕಟ್ಟುವ ಗುಟ್ಟನ್ನು ಇಲ್ಲಿ ಬಿಚ್ಚಿಡುತ್ತೇನೆ. ಗುಟ್ಟು ಒಂದೇ. ಅಪರಾಧಿಯನ್ನು ಅವನ ದಡ್ಡತನ ಹಿಡಿದುಕೊಡಬಾರದು, ಅವನ ಜಾಣತನವೇ ಹಿಡಿದುಕೊಡಬೇಕು!

ಹೆಣದ ಪಕ್ಕದಲ್ಲಿ ಹೆಸರು ಹಾಕಿದ ಕರ್ಚೀಫು ಬಿದ್ದಿತ್ತು ಅಂತ ಬರೆದರೆ ಕೆಲಸ ಕೆಟ್ಟಿತು. ಅದು ಬರೀ ಅದೃಷ್ಟ. ಅದಕ್ಕೆ ಪತ್ತೇದಾರ ಯಾಕೆ ಬೇಕು, ಕಸ ಗುಡಿಸುವವನೂ ಸಾಕು. ಹಿಚ್‌ಕಾಕನ 1954ರ 'ಡಯಲ್ ಎಂ ಫಾರ್ ಮರ್ಡರ್' ನೋಡಿ. ಹೆಂಡತಿಯನ್ನು ಕೊಲ್ಲಿಸಲು ಗಂಡ ಒಬ್ಬನನ್ನು ಗೊತ್ತುಮಾಡುತ್ತಾನೆ. ಅವಳ ಬಾಗಿಲ ಕೀಲಿಕೈಯನ್ನು ಕದ್ದು, ಮೆಟ್ಟಿಲಿನ ಕಾರ್ಪೆಟ್ ಅಡಿಯಲ್ಲಿ ಇಡುತ್ತಾನೆ. ಆಟ ಉಲ್ಟಾ ಹೊಡೆದು, ಕೊಲ್ಲಲು ಬಂದವನೇ ಅವಳ ಕತ್ತರಿಗೆ ಬಲಿಯಾಗುತ್ತಾನೆ. ಗಂಡ ಮಹಾ ಚಾಲಾಕಿ! ಪೊಲೀಸರು ಬರುವ ಮೊದಲೇ ಸತ್ತವನ ಜೇಬಿನ ಕೀಲಿಕೈ ತೆಗೆದು ಹೆಂಡತಿಯ ಬ್ಯಾಗಿಗೆ ಹಾಕುತ್ತಾನೆ. ಆದರೆ ಸತ್ತವನು ಬಾಗಿಲು ತೆಗೆದ ಕೂಡಲೇ ಅವಳ ಕೀಲಿಕೈಯನ್ನು ವಾಪಸ್ ಕಾರ್ಪೆಟ್ ಅಡಿಗೇ ಇಟ್ಟು ಒಳಗೆ ಬಂದಿದ್ದ. ಜೇಬಿನಲ್ಲಿದ್ದದ್ದು ಅವನ ಸ್ವಂತ ಮನೆಯದು! ಗಂಡ ಸುಮ್ಮನಿದ್ದಿದ್ದರೆ ಉಳಿಯುತ್ತಿದ್ದನೋ ಏನೋ. ಎಲ್ಲವನ್ನೂ ಸರಿಮಾಡಲು ಹೋಗಿ ಕೆಟ್ಟ.

ಈ ಸೂತ್ರವನ್ನು ನಮ್ಮ ಸೀಮೆಗೆ ತಂದು ಒಂದು ಕಥೆ ಕಟ್ಟೋಣ. ಪಾತ್ರಗಳೆಲ್ಲ ಕಾಲ್ಪನಿಕ. ಕಾಲ 1998, ಅಂದರೆ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದ ಮಾರನೇ ವರ್ಷ. ಯಾಕೆ ಹಳೇ ಕಾಲ ಅಂದಿರಾ? ಇವತ್ತಿನ ಕಥೆಯಾದರೆ ಮೊಬೈಲ್ ಟವರು, ಸಿಸಿ ಕ್ಯಾಮೆರಾ ಎರಡಕ್ಕೂ ನೀವು ಜವಾಬು ಕೊಡಬೇಕು. 'ದೃಶ್ಯ'ದಲ್ಲಿ ಸತ್ತ ಹುಡುಗನ ಫೋನನ್ನು ಲಾರಿಗೆ ಎಸೆದು ಊರೂರು ಸುತ್ತಿಸಿದ್ದು ಅದಕ್ಕೇ. ಹೊಸಬರು ಮೊದಲು ಒಂದು ಗಂಟು ಬಿಚ್ಚಲು ಕಲಿತರೆ ಸಾಕು.

ಗಂಗಾವತಿಯ ಒಂದು ರೈಸ್ ಮಿಲ್ಲು. ಮ್ಯಾನೇಜರ್ ಶಂಕ್ರಪ್ಪ ವಸೂಲಿ ಹಣದಲ್ಲಿ ಕೈ ಆಡಿಸಿದ್ದಾನೆ. ಬೈಕಿನಲ್ಲಿ ಊರೂರು ತಿರುಗಿ ಬಾಕಿ ವಸೂಲಿ ಮಾಡುವ ಬಸವರಾಜನಿಗೆ ಅದು ಗೊತ್ತಾಗಿದೆ. ಬಸವರಾಜ ಕೊಪ್ಪಳದವನು. ಕಿಲೋಮೀಟರ್ ಲೆಕ್ಕದಲ್ಲಿ ಅವನಿಗೆ ಭತ್ತೆ. ಆದ್ದರಿಂದ ಯಾವ ಊರಿಗೆ ಹೋದರೂ ಬೈಕಿನ ಮೀಟರ್ ನೋಡಿ ಡೈರಿಯಲ್ಲಿ ಬರೆಯುವುದು ಅವನ ಚಾಳಿ. ಒಂದು ಸಂಜೆ ಮಿಲ್ಲಿಗೆ ಬರುತ್ತಾನೆ. ಡೈರಿ ತೆಗೆದು "ಗಂಗಾವತಿ 24,550" ಎಂದು ಬರೆಯುತ್ತಾನೆ. ಮಾತಿಗೆ ಮಾತು ಬೆಳೆಯುತ್ತದೆ. ಶಂಕ್ರಪ್ಪ ನೂಕುತ್ತಾನೆ. ಬಸವರಾಜ ಕಲ್ಲಿನ ಮೆಟ್ಟಿಲಿಗೆ ತಲೆ ಬಡಿದು ಸಾಯುತ್ತಾನೆ.

ಈಗ ಶಂಕ್ರಪ್ಪನ ಜಾಣತನ ಶುರು. ಹೆಣವನ್ನೂ ಬೈಕನ್ನೂ ಮಿಲ್ಲಿನ ಟೆಂಪೋದಲ್ಲಿ ಹಾಕಿಕೊಂಡು, ಕನಕಗಿರಿ, ತಾವರಗೇರಾ ದಾಟಿ ಕುಷ್ಟಗಿಗೆ, ಅಲ್ಲಿಂದ ಯಲಬುರ್ಗಾ ದಾರಿಗೆ ಬರುತ್ತಾನೆ. ಕತ್ತಲಲ್ಲಿ ಎರಡನ್ನೂ ರಸ್ತೆ ಪಕ್ಕ ಕೆಡವುತ್ತಾನೆ. ನೋಡಿದವರಿಗೆ ಬೈಕ್ ಅಪಘಾತ. ಬಸವರಾಜ ಗಂಗಾವತಿಯಿಂದ ಜೀವಂತ ಹೊರಟಿದ್ದ ಅಂತ ತೋರಿಸಲು ಡೈರಿಯಲ್ಲಿ ಇನ್ನೊಂದು ಸಾಲು ತಾನೇ ಸೇರಿಸುತ್ತಾನೆ: "ಕುಷ್ಟಗಿ 24,615". ದೂರ ಸುಮಾರು 65 ಅಂತ ಬಾಯಿಲೆಕ್ಕ ಹಾಕಿ ಕೂಡಿಸಿದ್ದಾನೆ. (ನೀವು ಬರೆಯುವಾಗ ಬೈಕ್ ಹತ್ತಿ ಹೋಗಿ ಅಳೆದು ಬನ್ನಿ. ಆ ಕಡೆಯ ಓದುಗ ಬಿಡೋದಿಲ್ಲ!)

ಓದುಗ ಮಿತ್ರರೇ, ಎಡವಟ್ಟು ಎಲ್ಲಾಯಿತು ಗೊತ್ತಾಯಿತೇ? ಬೈಕು ಹೋದದ್ದು ಟೆಂಪೋದಲ್ಲಿ. ಚಕ್ರ ತಿರುಗಿಲ್ಲ, ಮೀಟರ್ 24,550 ದಾಟಿಲ್ಲ. ಡೈರಿ ಮುಂದೆ ಓಡಿದೆ, ಬೈಕು ಹಿಂದೆ ನಿಂತಿದೆ! ಟೆಂಪೋಗೆ ಬೈಕ್ ಏರಿಸಿದ್ದನ್ನೂ ನಾವು ತೋರಿಸಿದ್ದೇವೆ, ಡೈರಿ ಬರೆದದ್ದನ್ನೂ ತೋರಿಸಿದ್ದೇವೆ. ಏನನ್ನೂ ಬಚ್ಚಿಟ್ಟಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟಿಲ್ಲ, ಅಷ್ಟೇ.

ಇನ್ನು ಯಲಬುರ್ಗಾ ಠಾಣೆಯ ಪಿ.ಎಸ್.ಐ. ಪಾಟೀಲರ ಪ್ರವೇಶ. ಹೊಸ ಲೇಖಕರು ಮುಗ್ಗರಿಸುವುದು ಇಲ್ಲೇ. ಓದುಗನಿಗೆ ಶಂಕ್ರಪ್ಪ ಗೊತ್ತು, ಲೇಖಕನಿಗೂ ಗೊತ್ತು. ಆ ಭರದಲ್ಲಿ ಪಾಟೀಲರಿಗೂ ಗೊತ್ತಾಗಿಬಿಡುತ್ತದೆ! ಬಂದವರೇ ಶಂಕ್ರಪ್ಪನನ್ನು ದುರುಗುಟ್ಟಿ ನೋಡುತ್ತಾರೆ. ಯಾಕೆ ನೋಡಿದರು? ಉತ್ತರವಿಲ್ಲ. ಇದಕ್ಕೆ ಮದ್ದು ಸುಲಭ. ನೋಟ್‌ಬುಕ್ಕಿನ ಹಾಳೆ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ಅಪರಾಧಿ ಮಾಡಿದ್ದು, ಬಲಕ್ಕೆ ಪತ್ತೇದಾರ ಕಣ್ಣಾರೆ ಕಂಡದ್ದು. ಬಲಗಡೆ ಇಲ್ಲದ ಒಂದು ವಿಷಯವೂ ಪಾಟೀಲರ ಬಾಯಲ್ಲಿ ಬರಕೂಡದು.

ಅವರು ಮೊದಲು ಕಾಣುವುದು ಇಷ್ಟೇ: ತಲೆ ಒಡೆದಿದೆ, ಆದರೆ ರಸ್ತೆಯ ಮೇಲೆ ರಕ್ತ ಕಡಿಮೆ. ಬರೀ ಅನುಮಾನ. ಡೈರಿ ನೋಡುತ್ತಾರೆ, ಕುಷ್ಟಗಿ ತನಕ ಬಂದಿದ್ದಾನೆ, ಸರಿ ಅನಿಸುತ್ತದೆ. ಪಂಚನಾಮೆಗೆ ಬೈಕಿನ ನಂಬರು, ಇಂಜಿನ್ ನಂಬರು, ಮೀಟರ್ ಬರೆಸುವಾಗ ಪೆನ್ನು ನಿಲ್ಲುತ್ತದೆ. 24,550!

ಆಗಲೂ ಎಗರಾಡಬಾರದು. ಹಳೇ ಬೈಕಿನ ಮೀಟರ್ ಕೇಬಲ್ ಕಡಿದಿರುವುದು ನಮ್ಮಲ್ಲಿ ಮಾಮೂಲಿ. ಪಾಟೀಲರು ಮುಂದಿನ ಗಾಲಿ ಎತ್ತಿ ತಿರುಗಿಸುತ್ತಾರೆ, ಮುಳ್ಳು ಅಲ್ಲಾಡುತ್ತದೆ. ಇದು ಸಾಲದು. ನಾಳೆ ಶಂಕ್ರಪ್ಪ "ಕೆಟ್ಟಿತ್ತು" ಅಂದರೆ? ಅದಕ್ಕೇ ಮಿಲ್ಲಿಗೆ ಹೋಗಿ ಚಹಾ ಕುಡಿಯುತ್ತಾ, ಏನೂ ಗೊತ್ತಿಲ್ಲದವರ ಹಾಗೆ ಕೇಳುತ್ತಾರೆ.

"ಗಾಡಿ ಮೀಟರ್ ಸರಿ ಇತ್ತೇನ್ರಿ ಮ್ಯಾನೇಜರ್ರ?"

"ಸರಿ ಇಲ್ಲದ ಏನ್ರಿ ಸಾಹೇಬ್ರ, ಅದನ್ನ ನೋಡೇ ತಿಂಗಳಾ ತಿಂಗಳಾ ಭತ್ತೆ ಕೊಡ್ತೀವಿ."

ಬಾಗಿಲು ಮುಚ್ಚಿತು! ಶಂಕ್ರಪ್ಪನೇ ಚಿಲಕ ಹಾಕಿಕೊಂಡ. ನಮ್ಮ ಎದೆ ಡವಡವ ಅನ್ನುವುದು ಇಂಥ ಸಾದಾ ಪ್ರಶ್ನೆಗೇ ಹೊರತು ಮಚ್ಚು ಬೀಸಿದ್ದಕ್ಕಲ್ಲ.

ಕ್ಲೈಮಾಕ್ಸ್ ಹೇಗೆ? ಎರಡು ಬಿಗಿದು ತಪ್ಪೊಪ್ಪಿಗೆ ಬರೆಸಿಕೊಂಡರೆ ಮುಗಿಯಿತು ಅನ್ನುತ್ತೀರಾ? ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಸ್ವಾಮಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳಿದ್ದು ಅದನ್ನೇ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೇ ಇದೆ. ಆದರೆ ಘಟನೆಯ ನಂತರ ಆರೋಪಿ ಹೇಗೆ ನಡೆದುಕೊಂಡ ಎಂಬುದನ್ನು ಕೋರ್ಟು ನೋಡುತ್ತದೆ. ಆದ್ದರಿಂದ ಪಾಟೀಲರು ಬಾಯಿ ಬಿಡಿಸಬೇಕಿಲ್ಲ, ಕೈ ಆಡಿಸಿದರೆ ಸಾಕು.

ಅವರು ಶಂಕ್ರಪ್ಪನನ್ನು ಠಾಣೆಗೆ ಕರೆಸಿ ವಿನಯದಿಂದ ಹೇಳುತ್ತಾರೆ: "ಪಾಪ, ಆ ಹೆಣ್ಣುಮಗಳಿಗೆ ಕಡೀ ತಿಂಗಳ ಭತ್ತೆ ಕೊಡಬೇಕಲ್ರಿ. ಡೈರಿ ಇಲ್ಲೈತಿ, ಗಾಡಿ ಹಿತ್ತಲದಾಗೈತಿ. ಮೀಟರ್ ನೋಡಿ ನೀವ ಲೆಕ್ಕಾ ಹಾಕಿಬಿಡ್ರಿ. ನಾಳೆ ಹತ್ತು ಗಂಟೇಕ ಆರ್.ಟಿ.ಓ.ದವರು ಬಂದು ಬರಕೊಂಡು ಹೋಗ್ತಾರ."

ಶಂಕ್ರಪ್ಪ ಮೀಟರ್ ಮುಂದೆ ಬಗ್ಗುತ್ತಾನೆ. ಅಂಕಿ ಓದುತ್ತಾನೆ. ಡೈರಿ ನೋಡುತ್ತಾನೆ. ಕ್ಯಾಮೆರಾ ಅವನ ಮುಖದ ಮೇಲೆ! "ನಾಳೆ ಮಾಡ್ತೀನ್ರಿ ಸಾಹೇಬ್ರ, ಕಣ್ಣು ಯಾಕೋ ಮಸಕಾಗೇತಿ" ಅನ್ನುತ್ತಾನೆ. ಪಂಚನಾಮೆಯಲ್ಲಿ ಆ ಅಂಕಿ ಆಗಲೇ ಬರೆದಾಗಿದೆ ಅನ್ನುವುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಡುರಾತ್ರಿ ಹಿತ್ತಲ ಗೋಡೆ ಹಾರಿ, ಸ್ಕ್ರೂಡ್ರೈವರ್ ಹಿಡಿದು ಮೀಟರಿಗೆ ಕೈ ಹಾಕುತ್ತಾನೆ. ದೀಪ ಹತ್ತುತ್ತದೆ. ಕತ್ತಲಲ್ಲಿ ಕೂತಿದ್ದ ಇಬ್ಬರು ಪಂಚರು ಎದ್ದು ನಿಲ್ಲುತ್ತಾರೆ. ಆ ಮೀಟರ್ ಒಡೆಯುವ ಗರಜು ಡೈರಿಯ ಸುಳ್ಳು ಸಾಲು ಬರೆದವನಿಗಲ್ಲದೆ ಮತ್ತಾರಿಗಿದೆ?

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಗೆಳೆಯನಿಗೆ ಕೊಲೆಯ ಭಾಗ ಮಾತ್ರ ಓದಲು ಕೊಟ್ಟು, "ಎಲ್ಲಿ ತಪ್ಪಿದ ಹೇಳು" ಅನ್ನಿ. ತಕ್ಷಣ ಹೇಳಿದರೆ ಸುಳಿವು ಎದ್ದು ಕಾಣುತ್ತಿದೆ ಅಂತ ಅರ್ಥ. ಮೀಟರಿನ ಸಾಲನ್ನು ಜಗಳದ ಮಾತಿನ ನಡುವೆ ಸೇರಿಸಿ. ಪೂರ್ತಿ ಓದಿ "ಇದನ್ನ ನೀ ಹೇಳೇ ಇರ್ಲಿಲ್ಲಲ್ಲಲೇ" ಅಂದರೆ ನೀವು ಮೋಸ ಮಾಡಿದ್ದೀರಿ. ಮಾತಾಡದೆ ಸರಸರ ಪುಟ ಹಿಂದಕ್ಕೆ ತಿರುವಿ ಆ ಡೈರಿಯ ಸಾಲು ಹುಡುಕಿದನೋ...

ಗೆದ್ದಿರಿ! ಬಸ್ ಸ್ಟ್ಯಾಂಡಿನ ಮಹಾಶಯರು ಕೊನೇ ಪುಟ ಮೊದಲೇ ನೋಡಿಕೊಳ್ಳಲಿ ಬಿಡಿ. ಪಾಟೀಲರು ಆ ಚಹಾ ಕುಡಿಯುವುದನ್ನು ನೋಡಲು ಅವರೂ ಮೊದಲ ಪುಟಕ್ಕೇ ಬರಬೇಕು.