ಮ್ಯಾಜಿಕ್ ವ್ಯಾಂಡ್ ಎಲ್ಲಿ ನಿಲ್ಲುತ್ತದೆ?

ಚನ್ನಪಟ್ಟಣದ ಒಂದು ಮರದ ಕುದುರೆ. ಮೈ ಹಳದಿ, ಚಕ್ರಗಳು ಕೆನೆಬಣ್ಣ. ಆನ್‌ಲೈನ್‌ನಲ್ಲಿ ಮಾರಲು ಅದನ್ನು ಬಿಳಿ ಚಾರ್ಟ್ ಶೀಟಿನ ಮೇಲಿಟ್ಟು, ಎಡಗಡೆಯ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದಿದ್ದಾರೆ ಎಂದುಕೊಳ್ಳಿ. ಈಗ ಹಿನ್ನೆಲೆ ಅಳಿಸಬೇಕು. ಮ್ಯಾಜಿಕ್ ವ್ಯಾಂಡ್ ಹಿಡಿದು ಬಿಳಿಯ ಮೇಲೆ ಕ್ಲಿಕ್ ಮಾಡಿದರೆ ಅರ್ಧ ಹಾಳೆ ಆಯ್ಕೆಯಾಗುತ್ತದೆ, ಇನ್ನರ್ಧ ಉಳಿಯುತ್ತದೆ. ಟಾಲರೆನ್ಸ್ ಏರಿಸಿದರೆ ಹಾಳೆಯ ಜೊತೆ ಕುದುರೆಯ ಬೆನ್ನೂ ಹೋಗುತ್ತದೆ. ಹೆಚ್ಚಿನವರು ಇಲ್ಲಿಗೆ ಬಂದು ಬೇಸತ್ತು ರಬ್ಬರ್ ಹಿಡಿಯುತ್ತಾರೆ.

ನಮ್ಮ ಕಣ್ಣಿಗೆ ಹಾಳೆ ಬರೀ ಬಿಳಿ. ಕಂಪ್ಯೂಟರಿಗೆ ಅದು ಸಂಖ್ಯೆಗಳ ರಾಶಿ. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳಿರುತ್ತವೆ, ಒಂದೊಂದೂ 0ಯಿಂದ 255ರವರೆಗೆ. ಕಿಟಕಿಯ ಬದಿಯಲ್ಲಿ ಹಾಳೆಯ ಬಣ್ಣ 245, 244, 240 ಇದ್ದರೆ, ನಡುವೆ 225, 224, 220ಕ್ಕೆ ಇಳಿದಿರುತ್ತದೆ. ಬಲ ಮೂಲೆಯಲ್ಲಿ 205, 204, 200. ಹಾಳೆ ಒಂದೇ, ಅದರ ಮೇಲೆ ಬಿದ್ದ ಬೆಳಕು ಒಂದೇ ಅಲ್ಲ.

ನೀವು ಕ್ಲಿಕ್ ಮಾಡಿದ ಪಿಕ್ಸೆಲ್‌ನ ಮೂರು ಸಂಖ್ಯೆಗಳನ್ನು ಮ್ಯಾಜಿಕ್ ವ್ಯಾಂಡ್ ಮಾದರಿಯಾಗಿ ಇಟ್ಟುಕೊಳ್ಳುತ್ತದೆ. ಆಮೇಲೆ ಅದರ ಮೇಲೆ, ಕೆಳಗೆ, ಎಡ, ಬಲದ ಪಿಕ್ಸೆಲ್‌ಗಳನ್ನು ಮಾದರಿಯೊಂದಿಗೆ ಹೋಲಿಸುತ್ತದೆ. ಮೂರೂ ಸಂಖ್ಯೆಗಳಲ್ಲಿ ಯಾವುದರ ವ್ಯತ್ಯಾಸ ಅತಿ ಹೆಚ್ಚೋ ಅದು ಟಾಲರೆನ್ಸ್‌ನ ಒಳಗಿದ್ದರೆ ಆ ಪಿಕ್ಸೆಲ್ ಆಯ್ಕೆಗೆ ಸೇರುತ್ತದೆ, ಮತ್ತೆ ಅದರ ನೆರೆಯವುಗಳ ಪರೀಕ್ಷೆ ಶುರುವಾಗುತ್ತದೆ. ಉಚಿತ ತಂತ್ರಾಂಶ ಗಿಂಪ್ ಲೆಕ್ಕ ಹಾಕುವುದು ಹೀಗೆ. ಅಲ್ಲಿ ಈ ಸಾಧನದ ಹೆಸರು ‘ಫಜಿ ಸೆಲೆಕ್ಟ್’, ಟಾಲರೆನ್ಸ್ ಅನ್ನು ‘ಥ್ರೆಶೋಲ್ಡ್’ ಎನ್ನುತ್ತಾರೆ. ಮೊದಲಿಗೆ 15 ಇರುತ್ತದೆ. ಫೋಟೊಶಾಪ್‌ನಲ್ಲಿ ಅದೇ 32. ಅಳೆಯುವ ಬಗೆ ತಂತ್ರಾಂಶದಿಂದ ತಂತ್ರಾಂಶಕ್ಕೆ ಸ್ವಲ್ಪ ಬೇರೆಯಾದರೂ ತತ್ವ ಇದೇ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಮುಕ್ಕಾಲು ಪಾಲು ಗೊಂದಲ ಇಲ್ಲೇ ಹುಟ್ಟುತ್ತದೆ. ಪರೀಕ್ಷೆ ಪಕ್ಕದ ಪಿಕ್ಸೆಲ್‌ಗೆ ಹರಡುತ್ತಾ ಹೋಗುತ್ತದೆ, ನಿಜ. ಆದರೆ ಹೋಲಿಕೆ ನಡೆಯುವುದು ಪಕ್ಕದ ಪಿಕ್ಸೆಲ್ ಜೊತೆ ಅಲ್ಲ, ನೀವು ಮೊದಲು ಮುಟ್ಟಿದ ಪಿಕ್ಸೆಲ್ ಜೊತೆ. ಹಾಗಾಗಿ ಬೆಳಕು ಎಷ್ಟೇ ನಯವಾಗಿ ಇಳಿದರೂ, ಮಾದರಿಯಿಂದ ಸಾಕಷ್ಟು ದೂರ ಬಂದ ಕೂಡಲೇ ಆಯ್ಕೆ ನಿಂತುಬಿಡುತ್ತದೆ. ಕಣ್ಣಿಗೆ ಯಾವ ಗೆರೆಯೂ ಕಾಣದ ಹಾಳೆಯ ನಡುವೆ ಚುಕ್ಕೆಗೆರೆ ಮೂಡುವುದು ಇದರಿಂದ.

ಅಂದರೆ ಟಾಲರೆನ್ಸ್ ಎಷ್ಟು ಎಂಬುದರಷ್ಟೇ ಮುಖ್ಯ, ಎಲ್ಲಿ ಕ್ಲಿಕ್ ಮಾಡುತ್ತೀರಿ ಎಂಬುದು. ಕಿಟಕಿಯ ಬದಿಯ 245ರ ಮೇಲೆ ಕ್ಲಿಕ್ ಮಾಡಿದರೆ, ಬಲ ಮೂಲೆಯ 205 ಮುಟ್ಟಲು 40 ಬೇಕು. ಹಾಳೆಯ ನಡುವೆ, 225ರ ಮೇಲೆ ಕ್ಲಿಕ್ ಮಾಡಿ: ಎಡಕ್ಕೆ 20, ಬಲಕ್ಕೆ 20. ಅರ್ಧ ಸಂಖ್ಯೆಯಲ್ಲಿ ಇಡೀ ಹಾಳೆ ಬಂತು. ಇದರಿಂದ ಕುದುರೆಗೂ ಲಾಭ. ಅರಗಿನ ಹೊಳಪಿನಿಂದ ಅದರ ಬೆನ್ನಿನ ಅಂಚಿನಲ್ಲಿ ಒಂದು ಬಿಳಿ ಮಿಂಚು ಇದೆ, 254, 252, 246. ಎಡಗಡೆ ಕ್ಲಿಕ್ ಮಾಡಿದಾಗ ಅದಕ್ಕೂ ಮಾದರಿಗೂ ಇದ್ದ ಅಂತರ ಬರೀ 9. ಟಾಲರೆನ್ಸ್ 40 ಇದ್ದ ಮೇಲೆ ಅದು ಉಳಿಯುವ ಮಾತೇ ಇಲ್ಲ. ಬೆನ್ನು ಕಚ್ಚಿದಂತಾದದ್ದು ಹೀಗೆ. ನಡುವೆ ಕ್ಲಿಕ್ ಮಾಡಿದಾಗ ಅಂತರ 29, ಟಾಲರೆನ್ಸ್ 20. ಬೆನ್ನು ಉಳಿಯಿತು.

ಇನ್ನು ಕುದುರೆಯ ಕೆಳಗಿನ ನೆರಳು. ಅದು 205ರಿಂದ ಮೆಲ್ಲಗೆ 150ರವರೆಗೆ ಇಳಿಯುತ್ತದೆ. ಅದೂ ಹೋಗಲಿ ಎಂದು ಟಾಲರೆನ್ಸ್ ಅನ್ನು 75ಕ್ಕೆ ಏರಿಸುವ ಆಸೆ ಸಹಜ. ಆದರೆ ಕೆನೆಬಣ್ಣದ ಚಕ್ರ 225, 205, 160. ಕೆಂಪಿನಲ್ಲಿ ಹಾಳೆಗೂ ಅದಕ್ಕೂ ವ್ಯತ್ಯಾಸವೇ ಇಲ್ಲ, ಹಸಿರಿನಲ್ಲಿ 19. ಅದನ್ನು ಕಾಯುತ್ತಿರುವುದು ನೀಲಿಯ 60 ಮಾತ್ರ. ಟಾಲರೆನ್ಸ್ 59 ಇರುವವರೆಗೆ ಚಕ್ರ ಭದ್ರ, 60 ಆದೊಡನೆ ಮಾಯ. ಕೆರೆಯ ಏರಿಯಲ್ಲಿ ಒಂದು ಬಿರುಕು ಬಿದ್ದರೆ ನೀರೆಲ್ಲ ಅಲ್ಲಿಂದಲೇ ನುಗ್ಗುವಂತೆ, ಅಂಚಿನಲ್ಲಿ ಒಂದೇ ಪಿಕ್ಸೆಲ್ ದಾರಿ ಬಿಟ್ಟರೂ ಆಯ್ಕೆ ಒಳಗೆ ಹರಡುತ್ತದೆ. ಇದನ್ನು ಗುರುತಿಸುವುದು ಸುಲಭ: ಸಂಖ್ಯೆಯನ್ನು ಒಂದೆರಡು ಏರಿಸಿದಾಗ ಆಯ್ಕೆ ಸ್ವಲ್ಪ ಬೆಳೆಯುವ ಬದಲು ದಿಢೀರೆಂದು ನೆಗೆದರೆ, ಎಲ್ಲೋ ಸೋರಿದೆ ಎಂದೇ ಅರ್ಥ.

ಹಾಗಾದರೆ ನೆರಳಿಗೇನು? ಟಾಲರೆನ್ಸ್ 20ರಲ್ಲೇ ಬಿಟ್ಟು, ಶಿಫ್ಟ್ ಕೀ ಒತ್ತಿ ಹಿಡಿದು ನೆರಳಿನ 185 ಇರುವ ಕಡೆ ಒಮ್ಮೆ, 150 ಇರುವ ಕಡೆ ಇನ್ನೊಮ್ಮೆ ಕ್ಲಿಕ್ ಮಾಡಿ. ಶಿಫ್ಟ್ ಒತ್ತಿದ್ದರೆ ಹೊಸ ಆಯ್ಕೆ ಹಳೆಯದಕ್ಕೆ ಕೂಡಿಕೊಳ್ಳುತ್ತದೆ. ಎರಡನೆಯ ಕ್ಲಿಕ್ 165ರಿಂದ 205ರವರೆಗಿನ ಬೂದುಬಣ್ಣವನ್ನು ಹಿಡಿಯಿತು, ಮೂರನೆಯದು 130ರಿಂದ 170. ಚಕ್ರದ ಕೆಂಪು 225 ಆದ್ದರಿಂದ ಎರಡರಿಂದಲೂ ದೂರ. ದೊಡ್ಡ ಸಂಖ್ಯೆಯ ಒಂದು ಕ್ಲಿಕ್‌ಗಿಂತ ಸಣ್ಣ ಸಂಖ್ಯೆಯ ಮೂರು ಕ್ಲಿಕ್ ಮೇಲು ಎಂಬುದಕ್ಕೆ ಲೆಕ್ಕದ ಆಧಾರವೂ ಇದೆ. ಟಾಲರೆನ್ಸ್ 10 ಇದ್ದಾಗ ಒಂದೊಂದು ಬಣ್ಣದಲ್ಲೂ 21 ಮೌಲ್ಯಗಳು ಒಪ್ಪಿಗೆ. ಮೂರನ್ನೂ ಗುಣಿಸಿದರೆ 9,261 ಛಾಯೆಗಳು. ಅದನ್ನು 20 ಮಾಡಿದರೆ 68,921. ಸಂಖ್ಯೆ ಎರಡರಷ್ಟಾದರೆ ಬಾಗಿಲು ಏಳು ಪಟ್ಟಿಗಿಂತ ಹೆಚ್ಚು ಅಗಲವಾಗುತ್ತದೆ.

ನೆರೆಯಿಂದ ನೆರೆಗೆ ಹರಡುವ ಈ ಕ್ರಮವನ್ನು ಫೋಟೊಶಾಪ್‌ನಲ್ಲಿ ನಿಲ್ಲಿಸಲೂಬಹುದು. Contiguous ಎಂಬ ಚೌಕದ ಗುರುತು ತೆಗೆದರೆ, ಚಿತ್ರದಲ್ಲಿ ಎಲ್ಲೇ ಇರುವ ಅದೇ ಬಣ್ಣವೂ ಸೇರಿಕೊಳ್ಳುತ್ತದೆ. ಕಾಲುಗಳ ಸಂದಿಯಲ್ಲಿ ಸಿಕ್ಕಿಬಿದ್ದ ಹಾಳೆಯ ತುಣುಕಿಗೆ ಇದು ಅನುಕೂಲ, ಕಣ್ಣಿನ ಬಿಳಿಚುಕ್ಕೆಗೆ ಅಪಾಯ. ಗುರುತು ಇರಲಿ, ಸಂದಿಗಳನ್ನು ಶಿಫ್ಟ್ ಒತ್ತಿ ಬೇರೆಯಾಗಿ ಸೇರಿಸಿಕೊಳ್ಳಿ ಎಂಬುದೇ ನನ್ನ ಸಲಹೆ.

ಇಷ್ಟಾದ ಮೇಲೂ ಕುದುರೆಯ ಸುತ್ತ ಒಂದು ತೆಳು ಬಿಳಿ ಅಂಚು ಉಳಿಯುತ್ತದೆ. ಅಳಿಸಿದ ಚಿತ್ರದ ಕೆಳಗೆ ಕಡುನೀಲಿ ಪದರವೊಂದನ್ನು ಹಾಕಿ ನೋಡಿ, ಎದ್ದು ಕಾಣುತ್ತದೆ. ಗಡಿಯ ಪಿಕ್ಸೆಲ್‌ಗಳು ಪೂರ್ತಿ ಹಾಳೆಯೂ ಅಲ್ಲ, ಪೂರ್ತಿ ಕುದುರೆಯೂ ಅಲ್ಲ, ಎರಡರ ಬೆರಕೆ. ಮೈಯ ಹಳದಿ 236, 190, 40 ಆದರೆ, ಸಮಸಮ ಬೆರೆತ ಪಿಕ್ಸೆಲ್‌ನ ನೀಲಿ 130. ಹಾಳೆಯ ನೀಲಿಗಿಂತ 90 ಕಡಿಮೆ. ಅದನ್ನು ಹಿಡಿಯಲು ಟಾಲರೆನ್ಸ್ 90 ಮಾಡಿದರೆ ಚಕ್ರ ಮೊದಲೇ ಹೋಗಿರುತ್ತದೆ. ಈ ಕೆಲಸ ಟಾಲರೆನ್ಸ್‌ನದ್ದಲ್ಲ. ಆಯ್ಕೆ ಮುಗಿದ ಮೇಲೆ, ಅಳಿಸುವ ಮೊದಲು, ಅದನ್ನು ಒಂದು ಪಿಕ್ಸೆಲ್ ಹಿಗ್ಗಿಸಬೇಕು: ಫೋಟೊಶಾಪ್‌ನಲ್ಲಿ ‘ಎಕ್ಸ್‌ಪ್ಯಾಂಡ್’, ಗಿಂಪ್‌ನಲ್ಲಿ ‘ಗ್ರೋ’. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಆದರೆ ಎರಡು ಪಿಕ್ಸೆಲ್ ಬೇಕಾದೀತು. ಜೆಪೆಗ್ ಕುಗ್ಗಿಸುವಾಗ ಅಂಚಿನ ಬಣ್ಣ ಅಕ್ಕಪಕ್ಕಕ್ಕೆ ಹರಡಿರುತ್ತದೆ. ಮೂಲ ಫೋಟೊವನ್ನೇ ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಗಿಂಪ್ ಬಳಸುವವರು ಅಳಿಸುವ ಮುಂಚೆ ಪದರಕ್ಕೆ ಆಲ್ಫಾ ಚಾನೆಲ್ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಡಿಲೀಟ್ ಒತ್ತಿದಾಗ ಆ ಜಾಗ ಪಾರದರ್ಶಕ ಆಗದೆ ಹಿನ್ನೆಲೆ ಬಣ್ಣದಿಂದ ತುಂಬಿಕೊಳ್ಳುತ್ತದೆ. ಕೊನೆಗೆ ಪಿಎನ್‌ಜಿ ರೂಪದಲ್ಲೇ ಉಳಿಸಿ. ಪಾರದರ್ಶಕತೆ ಜೆಪೆಗ್‌ನಲ್ಲಿ ನಿಲ್ಲುವುದಿಲ್ಲ.

ಕುದುರೆಯೇ ಬಿಳಿಯದಾಗಿದ್ದರೆ ಯಾವ ಟಾಲರೆನ್ಸ್‌ನಿಂದಲೂ ಪ್ರಯೋಜನವಿಲ್ಲ. ಹಾಳೆಯ ಒಳಗಿನ ವ್ಯತ್ಯಾಸಕ್ಕಿಂತ ಹಾಳೆಗೂ ವಸ್ತುವಿಗೂ ನಡುವಿನ ವ್ಯತ್ಯಾಸ ಕಡಿಮೆಯಾದಾಗ ಸಂಖ್ಯೆ ಹುಡುಕುತ್ತಾ ಕೂರಬೇಡಿ. ನೀಲಿ ಚಾರ್ಟ್ ಶೀಟ್ ಹಾಸಿ ಫೋಟೊ ಮತ್ತೆ ತೆಗೆಯಿರಿ.