ತಿದ್ದಿದ್ದು ಕಾಣಲಿ, ತೀರ್ಮಾನ ವಕೀಲರದಾಗಲಿ

ಕರಾರು ಪತ್ರದ ಕರಡನ್ನು ತಿದ್ದುವ ಕೆಲಸಕ್ಕೂ ಕಥೆ, ಲೇಖನಗಳನ್ನು ತಿದ್ದುವ ಕೆಲಸಕ್ಕೂ ದೊಡ್ಡ ವ್ಯತ್ಯಾಸವಿದೆ. ಕರಾರಿನ ಪ್ರತಿಯೊಂದು ಪದಕ್ಕೂ ವಕೀಲರು ಹೊಣೆಗಾರರು. ತಿದ್ದುವವರು ಅವರಿಗೆ ಕಾಣದಂತೆ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ. ಮೈಕ್ರೋಸಾಫ್ಟ್ ವರ್ಡ್‌ನ Review ಪಟ್ಟಿಯಲ್ಲಿರುವ Track Changes ಈ ಕೆಲಸಕ್ಕೆಂದೇ ಇದೆ. ಅದನ್ನು ಚಾಲೂ ಮಾಡಿದರೆ ಅಳಿಸಿದ ಪದದ ಮೇಲೆ ಗೆರೆ ಬೀಳುತ್ತದೆ, ಸೇರಿಸಿದ ಪದ ಬಣ್ಣದಲ್ಲಿ ಕಾಣುತ್ತದೆ. ವಕೀಲರು Accept ಒತ್ತಿದರೆ ತಿದ್ದುಪಡಿ ನಿಲ್ಲುತ್ತದೆ, Reject ಒತ್ತಿದರೆ ಮೂಲ ಮರಳುತ್ತದೆ. ಹಾಗೆಂದು ಗುಂಡಿ ಒತ್ತಿದಷ್ಟಕ್ಕೇ ಕೆಲಸ ಹಗುರವಾಗುವುದಿಲ್ಲ. ಒಂದೊಂದು ತಿದ್ದುಪಡಿಯನ್ನೂ ಬಿಡಿಯಾಗಿ ಒಪ್ಪುವಂತೆ, ಬಿಡಿಯಾಗಿ ತಳ್ಳಿಹಾಕುವಂತೆ ತಿದ್ದಿರಬೇಕು.

ಮನೆ ಬಾಡಿಗೆಯ ಕರಾರೊಂದರಲ್ಲಿ ಈ ಸಾಲಿದೆ ಎಂದುಕೊಳ್ಳೋಣ: “ಬಾಡಿಗೆದಾರರು ಪ್ರತಿ ತಿಂಗಳ 5ನೇ ತಾರಿಖಿನೊಳಗೆ ಬಾಡಿಗೆಯನ್ನು ಮಾಲಿಕರಿಗೆ ಪಾವತಿಸತಕ್ಕದ್ದು.” ಇಲ್ಲಿ ಕಾಗುಣಿತದ ತಪ್ಪು ಎರಡೇ: ‘ತಾರಿಖು’ ಮತ್ತು ‘ಮಾಲಿಕ’. ತಿದ್ದುವವರಿಗೆ ‘ಪಾವತಿಸತಕ್ಕದ್ದು’ ಹಳೆಯ ಶೈಲಿ ಎನಿಸಿ, ಇಡೀ ಸಾಲನ್ನು ಅಳಿಸಿ ‘ಪಾವತಿಸಬೇಕು’ ಎಂದು ಹೊಸದಾಗಿ ಟೈಪ್ ಮಾಡಿದರು ಎನ್ನಿ. ವರ್ಡ್ ಅದನ್ನು ಒಂದು ದೊಡ್ಡ ಅಳಿಸುವಿಕೆ, ಒಂದು ದೊಡ್ಡ ಸೇರ್ಪಡೆ ಎಂದು ದಾಖಲಿಸುತ್ತದೆ. ‘ತಕ್ಕದ್ದು’ ಉಳಿಯಬೇಕೆಂದು ಬಯಸುವ ವಕೀಲರು ಇಡೀ ಸಾಲನ್ನೇ ತಳ್ಳಿಹಾಕಬೇಕಾಗುತ್ತದೆ. ಆಗ ಕಾಗುಣಿತದ ತಪ್ಪುಗಳೂ ಹಿಂದಿರುಗುತ್ತವೆ. ಮೇಲಾಗಿ, ಆ ಬಣ್ಣದ ಸಾಲಿನಲ್ಲಿ ನಿಜವಾಗಿ ಬದಲಾದದ್ದೇನು ಎಂದು ತಿಳಿಯಲು ಎರಡೂ ಸಾಲುಗಳನ್ನು ಪದಪದವಾಗಿ ಹೋಲಿಸಿ ಓದಬೇಕು. ಅದೇ ಮೂರು ಪದಗಳನ್ನು ಬೇರೆಬೇರೆಯಾಗಿ ತಿದ್ದಿದ್ದರೆ ಎರಡನ್ನು ಒಪ್ಪಿ ಮೂರನೆಯದನ್ನು ಬಿಡುವುದು ಕ್ಷಣದ ಕೆಲಸ.

ಸಾಲಿಗಿಂತ ಚಿಕ್ಕದಾಗಿ ತಿದ್ದಬೇಕು ನಿಜ, ಆದರೆ ಕನ್ನಡದಲ್ಲಿ ಪದಕ್ಕಿಂತಲೂ ಚಿಕ್ಕದಾಗಿ ತಿದ್ದಬಾರದು. ‘ಮಾಲಿಕ’ದ ಗುಡಿಸನ್ನು ಮಾತ್ರ ಅಳಿಸಿ ದೀರ್ಘ ಹಾಕಿದರೆ, ವ್ಯಂಜನ ಒಂದು ಕಡೆ, ಸ್ವರಚಿಹ್ನೆ ಇನ್ನೊಂದು ಕಡೆಯಾಗಿ ಅಕ್ಷರ ಒಡೆದು, ಕೆಲವೊಮ್ಮೆ ಚುಕ್ಕಿಯ ವೃತ್ತದೊಂದಿಗೆ ಕಾಣುವುದುಂಟು. ವಕೀಲರು ಅದನ್ನು ಹೊಸ ತಪ್ಪೆಂದೇ ತಿಳಿಯಬಹುದು. ಪೂರ್ತಿ ಪದವನ್ನು ಆಯ್ದು ಪೂರ್ತಿ ಪದವನ್ನೇ ಬರೆದರೆ ಹಳೆಯದೂ ಹೊಸದೂ ಪಕ್ಕಪಕ್ಕದಲ್ಲಿ ಸ್ಪಷ್ಟವಾಗಿ ನಿಲ್ಲುತ್ತವೆ. ಇಂಥ ಬದಲಾವಣೆಯನ್ನು ವರ್ಡ್ ಎರಡು ತಿದ್ದುಪಡಿಗಳಾಗಿ ಎಣಿಸುತ್ತದೆ. ಸೇರ್ಪಡೆಯನ್ನು ಒಪ್ಪಿ ಅಳಿಸುವಿಕೆಯನ್ನು ತಳ್ಳಿಹಾಕಿದರೆ ಎರಡೂ ಪದಗಳು ಉಳಿದುಬಿಡುತ್ತವೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಆಯ್ದು Accept ಅಥವಾ Reject ಒತ್ತುವುದು ಕ್ಷೇಮ. ಹಳೆಯ ನುಡಿ ಅಕ್ಷರಗಳಲ್ಲಿರುವ ಕಡತವಾದರೆ ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸ ತಿದ್ದುವ ಮುಂಚೆಯೇ ಮುಗಿದಿರಬೇಕು. ನಡುವೆ ಪರಿವರ್ತಿಸಿದರೆ ಇಡೀ ಕರಾರೇ ತಿದ್ದುಪಡಿಯಾಗಿ ಕಾಣುತ್ತದೆ.

ಕೆಲವು ತಿದ್ದುಪಡಿಗಳು ಜೋಡಿಯಾಗಿಯೇ ಬರುತ್ತವೆ. ಸಾಲಿನ ಆರಂಭದ ‘ಬಾಡಿಗೆದಾರನು’ ಎಂಬುದನ್ನು ‘ಬಾಡಿಗೆದಾರರು’ ಮಾಡಿದರೆ ಕೊನೆಯ ‘ಒಪ್ಪಿರುತ್ತಾನೆ’ ಕೂಡ ‘ಒಪ್ಪಿರುತ್ತಾರೆ’ ಆಗಬೇಕು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಟ್ಟರೆ ವಾಕ್ಯ ಕೆಡುತ್ತದೆ. ವರ್ಡ್‌ಗೆ ಈ ನಂಟು ತಿಳಿಯದು. “ಇದನ್ನು ಒಪ್ಪಿದರೆ ಸಾಲಿನ ಕೊನೆಯ ಕ್ರಿಯಾಪದವನ್ನೂ ಒಪ್ಪಬೇಕು” ಎಂದು ಅಂಚಿನಲ್ಲಿ ಬರೆಯುವುದೊಂದೇ ದಾರಿ.

ಅಂಚಿನ ಟಿಪ್ಪಣಿ, ಅಂದರೆ New Comment, ಬೇಕೇಬೇಕಾಗುವುದು ತಿದ್ದುವವರಿಗೆ ಉತ್ತರ ಗೊತ್ತಿಲ್ಲದ ಕಡೆ. ಅದೇ ಕರಾರಿನಲ್ಲಿ ಮುಂಗಡ ಠೇವಣಿ “ರೂ. 1,80,000 (ಒಂದು ಲಕ್ಷದ ಎಂಟು ಸಾವಿರ ರೂಪಾಯಿ)” ಎಂದಿದೆ ಎನ್ನಿ. ಅಂಕಿಗೂ ಅಕ್ಷರಕ್ಕೂ 72,000 ರೂಪಾಯಿಯ ಅಂತರ. ‘ಎಂಟು’ ಎಂಬುದು ‘ಎಂಬತ್ತು’ ಆಗಬೇಕಿತ್ತು ಎಂದು ಊಹಿಸುವುದು ಸುಲಭ. ಆದರೆ ಸೊನ್ನೆ ಇರಬೇಕಾದ ಜಾಗದಲ್ಲಿ ಎಂಟು ಕುಳಿತಿರಲೂಬಹುದು. ಚೆಕ್ಕು, ಪ್ರಾಮಿಸರಿ ನೋಟುಗಳಲ್ಲಿ ಅಂಕಿಯೂ ಅಕ್ಷರವೂ ಹೊಂದದಿದ್ದರೆ ಅಕ್ಷರದಲ್ಲಿರುವ ಮೊತ್ತವೇ ಸರಿ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಬಾಡಿಗೆ ಕರಾರು ಆ ಕಾಯ್ದೆಗೆ ಒಳಪಡುವುದಿಲ್ಲ. ಆದರೂ ಅಕ್ಷರದಲ್ಲಿ ಬರೆದ ಮೊತ್ತವನ್ನು ಹಗುರವಾಗಿ ತಿದ್ದಬಾರದು ಎಂಬುದಕ್ಕೆ ಇದೇ ಸಾಕ್ಷಿ. ಇಲ್ಲಿ ಕರಡನ್ನು ಮುಟ್ಟದೆ, ಮೊತ್ತದ ಪದಗಳನ್ನಷ್ಟೇ ಆಯ್ದು ಟಿಪ್ಪಣಿ ಬರೆಯಬೇಕು: “ಅಂಕಿಯಲ್ಲಿ 1,80,000, ಅಕ್ಷರದಲ್ಲಿ 1,08,000. ಕಕ್ಷಿದಾರರನ್ನು ಕೇಳಿ, ಯಾವುದು ಸರಿ ಎಂದು ತಿಳಿಸಿ. ಕಲಂ 9ರಲ್ಲಿಯೂ ಇದೇ ಮೊತ್ತವಿದೆ.” ಕಂಡದ್ದೇನು, ಬೇಕಾದದ್ದೇನು, ಬೇರೆ ಎಲ್ಲಿ ಪರಿಣಾಮ ಎಂಬ ಮೂರೂ ಅದರಲ್ಲಿವೆ. “ಮೊತ್ತ ಪರಿಶೀಲಿಸಿ” ಎಂದಷ್ಟೇ ಬರೆದರೆ ಹುಡುಕುವ ಶ್ರಮವೆಲ್ಲ ವಕೀಲರ ಮೇಲೆ ಬೀಳುತ್ತದೆ. ಒಬ್ಬರದೇ ಹೆಸರು ಒಂದು ಕಡೆ ಹ್ರಸ್ವ, ಇನ್ನೊಂದು ಕಡೆ ದೀರ್ಘವಾಗಿದ್ದರೂ ಇದೇ ಕ್ರಮ. ಗುರುತಿನ ಚೀಟಿಯಲ್ಲಿ ಹೇಗಿದೆ ಎಂಬುದು ತಿದ್ದುವವರಿಗೆ ಗೊತ್ತಿರುವುದಿಲ್ಲ. ‘ಕೊಡಬೇಕು’, ‘ಕೊಡಬಹುದು’ಗಳ ನಡುವಿನ ಅನುಮಾನವನ್ನಂತೂ ಟಿಪ್ಪಣಿಯಲ್ಲೇ ಇಡಬೇಕು. ಅಲ್ಲಿ ಬದಲಾಗುವುದು ಭಾಷೆಯಲ್ಲ, ಹಕ್ಕು.

ದೊಡ್ಡ ದಸ್ತಾವೇಜಿನಲ್ಲಿ ಕಾಗುಣಿತ, ವಿರಾಮಚಿಹ್ನೆ, ಹೆಚ್ಚುವರಿ ಖಾಲಿ ಜಾಗದ ತಿದ್ದುಪಡಿಗಳೇ ನೂರಾರು ಇರುತ್ತವೆ. ಅವುಗಳ ನಡುವೆ ಗಂಭೀರವಾದ ಹತ್ತು ಹುದುಗಿಹೋಗುತ್ತವೆ. ಇದಕ್ಕೊಂದು ಒಳ್ಳೆಯ ಉಪಾಯವುಂಟು. ವರ್ಡ್ ಪ್ರತಿ ತಿದ್ದುಪಡಿಗೂ ತಿದ್ದಿದವರ ಹೆಸರು ಹಚ್ಚುತ್ತದೆ. File, Options ಒಳಗಿನ User name ಜಾಗದಲ್ಲಿ ಮೊದಲ ಸುತ್ತಿಗೆ ‘ಕಾಗುಣಿತ’ ಎಂದೂ ಎರಡನೆಯ ಸುತ್ತಿಗೆ ತಮ್ಮ ಹೆಸರನ್ನೂ ಕೊಡಬೇಕು. ಆಫೀಸ್ ಖಾತೆಗೆ ಸೈನ್ ಇನ್ ಆಗಿದ್ದರೆ ಅದರ ಕೆಳಗಿನ Always use these values ಎಂಬುದಕ್ಕೆ ಗುರುತು ಹಾಕದಿದ್ದರೆ ಖಾತೆಯ ಹೆಸರೇ ಬೀಳುತ್ತದೆ. ವಕೀಲರು Show Markup, Specific People ಮೂಲಕ ‘ಕಾಗುಣಿತ’ವನ್ನು ಮಾತ್ರ ತೋರಿಸಿಕೊಂಡು, ಒಮ್ಮೆ ಕಣ್ಣಾಡಿಸಿ, Accept All Changes Shown ಒತ್ತಿದರೆ ಸಣ್ಣಪುಟ್ಟವು ಒಂದೇ ಸಲಕ್ಕೆ ಮುಗಿಯುತ್ತವೆ. ಉಳಿದವನ್ನು ಒಂದೊಂದಾಗಿ ನೋಡಬಹುದು. ಆದರೆ ಮೊದಲ ಸುತ್ತಿನಲ್ಲಿ ಅರ್ಥಕ್ಕೆ ತಾಗುವ ಒಂದೇ ಒಂದು ತಿದ್ದುಪಡಿ ಸೇರಿದರೂ ಈ ಏರ್ಪಾಟು ಅಪಾಯಕಾರಿ. ಅಲ್ಪವಿರಾಮದಿಂದ ಅರ್ಥ ಬದಲಾಗುವುದಾದರೆ ಅದೂ ಎರಡನೆಯ ಸುತ್ತಿಗೇ ಸೇರಬೇಕು.

Track Changes ಚಾಲೂ ಮಾಡುವುದನ್ನೇ ಮರೆತು ಅರ್ಧ ತಿದ್ದಿಬಿಡುವುದೂ ಉಂಟು. ಮೂಲ ಪ್ರತಿಯನ್ನು ಬೇರೆ ಹೆಸರಿನಲ್ಲಿ ಹಾಗೇ ಇಟ್ಟಿದ್ದರೆ Review ಪಟ್ಟಿಯ Compare ಎರಡನ್ನೂ ಹೋಲಿಸಿ, ಬದಲಾದದ್ದನ್ನೆಲ್ಲ ಗುರುತು ಹಾಕಿದ ಮೂರನೆಯ ಪ್ರತಿಯನ್ನು ಕೊಡುತ್ತದೆ. ಗುರುತಿಲ್ಲದೆ ಏನಾದರೂ ಬದಲಾಗಿದೆಯೇ ಎಂದು ಪರೀಕ್ಷಿಸಲು ವಕೀಲರಿಗೂ ಇದೇ ಸಾಧನ.

ತೀರ್ಮಾನಗಳೆಲ್ಲ ಮುಗಿದ ಮೇಲೆ ಒಂದು ತಪ್ಪು ತಿಳಿವಳಿಕೆಯಿಂದ ಎಚ್ಚರವಾಗಿರಬೇಕು. No Markup ಆಯ್ದರೆ ಪುಟ ಶುಭ್ರವಾಗಿ ಕಾಣುತ್ತದೆ, ಆದರೆ ತಿದ್ದುಪಡಿಗಳು ಕಡತದೊಳಗೇ ಇರುತ್ತವೆ. ಎಲ್ಲವನ್ನೂ ಒಪ್ಪಿದರೂ ಟಿಪ್ಪಣಿಗಳು ತಾವಾಗಿ ಹೋಗುವುದಿಲ್ಲ. ಅವನ್ನು Delete All Comments in Document ಮೂಲಕ ಅಳಿಸಬೇಕು. Reviewing Pane ತೆರೆದು, ಒಂದೂ ತಿದ್ದುಪಡಿ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕಡತವನ್ನು ಎದುರು ಪಕ್ಷಕ್ಕೆ ಕಳುಹಿಸಬೇಕು. ಇಲ್ಲವಾದರೆ ಠೇವಣಿಯ ಮೊತ್ತದ ಬಗ್ಗೆ ತಮ್ಮ ಕಕ್ಷಿದಾರರಿಗೇ ಇದ್ದ ಗೊಂದಲವನ್ನು ಎದುರು ಪಕ್ಷದವರೂ ಓದಿಬಿಡುತ್ತಾರೆ.