ಮುಂದಿನ ತಾರೀಖಿನ ಚೆಕ್ಕುಗಳು: ಕೈಬಿಡುವ ಮುನ್ನ ತಾಳೆ ನೋಡಿ



ಪಿಕಪ್ ವಾಹನವೋ ಪಲ್ಪರ್ ಯಂತ್ರವೋ ಪವರ್ ಟಿಲ್ಲರೋ ಸಾಲದ ಮೇಲೆ ಕೊಳ್ಳುವಾಗ, ಸಾಲ ಕೊಡುವವರು ಕಂತುಗಳ ಬಾಬ್ತು ಮುಂದಿನ ತಾರೀಖು ಹಾಕಿದ ಚೆಕ್ಕುಗಳನ್ನು ಒಟ್ಟಿಗೇ ಕೇಳುವ ಪದ್ಧತಿ ಈಗ ಬಹಳಮಟ್ಟಿಗೆ ಕಡಮೆಯಾಗಿದೆ. ಖಾತೆಯಿಂದ ನೇರವಾಗಿ ಹಣ ಕಡಿಯಲು ಒಪ್ಪಿಗೆ ಪತ್ರ ಬರೆಸಿಕೊಳ್ಳುವುದೇ ಹೆಚ್ಚು. ಆ ಸೌಕರ್ಯವಿರುವ ಕಡೆ ಹೊಸದಾಗಿ ಇಂಥ ಚೆಕ್ಕು ತೆಗೆದುಕೊಳ್ಳಬಾರದೆಂದು ರಿಜರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಸೂಚಿಸಿತ್ತು. ಆದರೂ ಖಾಸಗಿ ಲೇವಾದೇವಿಯಲ್ಲಿ, ಬಿಡಿ ವ್ಯವಹಾರದಲ್ಲಿ ಈ ಪದ್ಧತಿ ಇನ್ನೂ ಉಳಿದಿದೆ. ನಮ್ಮ ಸದಸ್ಯರು ಆಗಾಗ್ಗೆ ಚೆಕ್ ಪುಸ್ತಕ ಹಿಡಿದುಕೊಂಡೇ ಸಂಘದ ಕಛೇರಿಗೆ ಬರುತ್ತಾರೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮಾತು ಬರಿದೇ ಆಗದಂತೆ ಒಂದು ನಿಜವಾದ ಲೆಕ್ಕವನ್ನೇ ಮುಂದಿಡುತ್ತೇವೆ. ನಮ್ಮ ಸದಸ್ಯರೊಬ್ಬರು 2025ರ ಫೆಬ್ರವರಿಯಲ್ಲಿ ಒಂದು ಪಿಕಪ್ ವಾಹನಕ್ಕೆ 4,00,000 ರೂಪಾಯಿ ಸಾಲ ಪಡೆದರು. ಬಡ್ಡಿ ವರ್ಷಕ್ಕೆ ಶೇಕಡ 10, ಇಳಿಯುವ ಬಾಕಿಯ ಮೇಲೆ. ಕಂತು 24. ಮೊದಲನೆಯದು 10-3-2025ಕ್ಕೆ, ಕೊನೆಯದು 10-2-2027ಕ್ಕೆ. ಚೆಕ್ಕುಗಳನ್ನು ಒಪ್ಪಿಸಬೇಕಾದ ದಿನ 12-2-2025. ಅವರ ಬಳಿ ಇದ್ದದ್ದು 25 ಹಾಳೆಯ ಹೊಸ ಪುಸ್ತಕ, ಸಂಖ್ಯೆ 412601ರಿಂದ 412625ರವರೆಗೆ. ಒಂದು ಸಂಜೆ ಕುಳಿತು 24 ಹಾಳೆ ಬರೆದು ರುಜು ಮಾಡಿ, ಮಾರನೆಯ ದಿನ ಕೊಟ್ಟುಬಿಡುವ ಯೋಚನೆ ಅವರದು. ರಾತ್ರಿ ಅವರ ಸೊಸೆ ಕಂತಿನ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ಓದುತ್ತ ಹೋದಾಗ ಹನ್ನೆರಡನೆಯ ಹಾಳೆಯಲ್ಲಿ ತಡೆ ಬಿತ್ತು. 10-2-2026 ಎಂದಿರಬೇಕಾದಲ್ಲಿ 10-2-2025 ಎಂದಿತ್ತು.

ಒಂದು ಅಂಕಿಯ ಹೆಚ್ಚು ಕಡಮೆ ಎನ್ನಬಹುದು. ಆದರೆ ಚೆಕ್ಕಿನ ಮಟ್ಟಿಗೆ ಇದರ ಅರ್ಥವೇ ಬೇರೆ. ಮುಂದಿನ ತಾರೀಖಿನ ಚೆಕ್ಕನ್ನು ಆ ತಾರೀಖು ಬರುವವರೆಗೆ ಬ್ಯಾಂಕು ಪಾವತಿ ಮಾಡುವುದಿಲ್ಲ. ಕೊಟ್ಟವನಿಗೆ ಇರುವ ರಕ್ಷಣೆ ಅದೊಂದೇ. ಈ ಹಾಳೆಯಲ್ಲಿದ್ದ ತಾರೀಖು ಒಪ್ಪಿಸುವ ದಿನಕ್ಕೆ ಎರಡು ದಿನ ಮುಂಚೆಯೇ ಆಗಿಹೋಗಿತ್ತು. ಎಂದರೆ ಅದನ್ನು ಪಡೆದವರು ಅದೇ ಮಧ್ಯಾಹ್ನ ಬ್ಯಾಂಕಿಗೆ ಹಾಕಬಹುದಿತ್ತು. ಖಾತೆಯಲ್ಲಿ ಹಣವಿಲ್ಲದಿದ್ದರೆ ಚೆಕ್ಕು ವಾಪಸಾಗುತ್ತದೆ, ಅದಕ್ಕೆ ಬ್ಯಾಂಕಿನ ದಂಡ ಬೇರೆ, ಸಾಲ ಕೊಟ್ಟವರ ದಂಡ ಬೇರೆ. ಹಣವಿದ್ದರೆ ಒಂದು ವರ್ಷ ಮುಂಚಿತವಾಗಿ ಒಂದು ಕಂತು ಹೋಗುತ್ತದೆ. ತಾರೀಖು ಹಿಂದಿನದಾದರೆ ಈ ತೊಂದರೆ. ಇನ್ನೊಂದು ಬಗೆಯ ತೊಂದರೆಯೂ ಉಂಟು: 1-4-2012ರಿಂದ ಚೆಕ್ಕಿಗೆ ಅದರ ಮೇಲಿನ ತಾರೀಖಿನಿಂದ ಮೂರೇ ತಿಂಗಳ ಆಯುಸ್ಸು. ವರ್ಷ ತಪ್ಪಿದ ಚೆಕ್ಕನ್ನು ಅವರು ಪೆಟ್ಟಿಗೆಯಲ್ಲೇ ಇಟ್ಟುಕೊಂಡು 2026ರ ಫೆಬ್ರವರಿಯಲ್ಲಿ ತೆಗೆದರೆ ಅದು ಅವಧಿ ಮೀರಿದ ಕಾಗದ, ಆ ತಿಂಗಳ ಕಂತು ಬಾಕಿ. ಆದುದರಿಂದ ತಾರೀಖು ನೋಡುವಾಗ ದಿನ ತಿಂಗಳುಗಳಿಗಿಂತ ವರ್ಷದ ಮೇಲೆ ಬೆರಳಿಟ್ಟು ನೋಡಬೇಕು, ಅದರಲ್ಲೂ ಡಿಸೆಂಬರ್ ಕಳೆದು ಜನವರಿಗೆ ಕಾಲಿಡುವ ಹಾಳೆಗಳಲ್ಲಿ. ತಾರೀಖು ಭಾನುವಾರಕ್ಕೆ ಬಿದ್ದರೆ ಚಿಂತೆಯಿಲ್ಲ, ಮುಂದಿನ ಕೆಲಸದ ದಿನ ಹಾಕುತ್ತಾರೆ. ತಿಂಗಳ 31ಕ್ಕೆ ಕಂತು ಗೊತ್ತುಮಾಡಿಕೊಂಡು ಏಪ್ರಿಲ್ 31 ಎಂದು ಬರೆದವರನ್ನೂ ನಾವು ಕಂಡಿದ್ದೇವೆ. 10ನೇ ತಾರೀಖಿನಂಥ ದಿನ ಆರಿಸಿಕೊಂಡರೆ ಆ ಗೋಜೇ ಇಲ್ಲ.

ತಪ್ಪಿದ ಅಂಕಿಯನ್ನು ತಿದ್ದಿ ಪಕ್ಕದಲ್ಲಿ ರುಜು ಮಾಡಿಬಿಡೋಣ ಎಂದು ನಮ್ಮ ಸದಸ್ಯರು ಹೊರಟಿದ್ದರು. ಹಿಂದೆ ಅದು ನಡೆಯುತ್ತಿತ್ತು. ಈಗ ಚೆಕ್ಕಿನ ಬದಲು ಅದರ ಚಿತ್ರವೇ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ವ್ಯವಸ್ಥೆ. ಅದರಲ್ಲಿ ಹೆಸರು, ಮೊಬಲಗು ಇವುಗಳ ತಿದ್ದುಪಡಿಗೆ ಆಸ್ಪದವಿಲ್ಲ. ಅವಧಿ ಮೀರಿದ ಚೆಕ್ಕಿಗೆ ಹೊಸ ತಾರೀಖು ಹಾಕಿ ರುಜು ಮಾಡುವುದೊಂದಕ್ಕೆ ವಿನಾಯಿತಿ ಇದೆ. ಆದರೆ ಎರಡು ವರ್ಷ ಪರರ ಕೈಯಲ್ಲಿರುವ ಕಾಗದದ ಮೇಲೆ ತಾರೀಖು ತಿದ್ದಿದ ಗುರುತು ಇರಿಸುವುದು ಯಾವ ದೃಷ್ಟಿಯಿಂದಲೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಹಾಳೆ ಕೆಟ್ಟರೆ ಅಡ್ಡಗೆರೆ ಎಳೆದು ರದ್ದು ಎಂದು ಬರೆದು, ರುಜುವಿನ ಜಾಗವನ್ನು ಹರಿದು, ಉಳಿದದ್ದನ್ನು ಪುಸ್ತಕದಲ್ಲೇ ಇಟ್ಟುಕೊಳ್ಳುವುದು ಲೇಸು. ಹಾಗೆಯೇ ಮಾಡಿದರು. 412612 ರದ್ದಾಯಿತು, ಉಳಿದಿದ್ದ ಕೊನೆಯ ಹಾಳೆ 412625ರಲ್ಲಿ 10-2-2026ರ ಚೆಕ್ಕು ಬರೆದರು.

ನಮ್ಮ ಲೇಖನದ ತಿರುಳು ಇರುವುದು ಇಲ್ಲಿಯೇ. ಮಾರನೆಯ ದಿನ ಸಾಲ ಕೊಟ್ಟವರ ಕಛೇರಿಯಲ್ಲಿ ಸಿಕ್ಕ ಸ್ವೀಕೃತಿ ಪತ್ರದಲ್ಲಿ, "412601ರಿಂದ 412625ರವರೆಗೆ, ಒಟ್ಟು 24 ಚೆಕ್ಕು" ಎಂದು ಅಚ್ಚಾಗಿತ್ತು. ಸಂಖ್ಯೆಯ ತಾಳೆ ಸುಲಭದ ಲೆಕ್ಕ: ಕೊನೆಯದರಿಂದ ಮೊದಲನೆಯದನ್ನು ಕಳೆದು ಒಂದು ಕೂಡಿಸಬೇಕು. 625ರಲ್ಲಿ 601 ಕಳೆದರೆ 24, ಒಂದು ಕೂಡಿಸಿದರೆ 25. ಆ ಒಂದನ್ನು ಕೂಡಿಸಲು ಮರೆತವರಿಗೆ ಪತ್ರ ಸರಿಯಾಗಿಯೇ ಕಾಣುತ್ತದೆ! ಪತ್ರದ ಪ್ರಕಾರ ಸಂಖ್ಯೆಗಳು 25, ಚೆಕ್ಕು 24. ಹಾಗಾದರೆ ನಡುವಿನ ಒಂದು ಎಲ್ಲಿ? ರದ್ದಾದ 412612 ಮನೆಯಲ್ಲಿದೆಯೆಂದು ನಮ್ಮ ಸದಸ್ಯರಿಗೆ ಗೊತ್ತು. ಆದರೆ ಕಾಗದದ ಮೇಲೆ ಅದು ಸಾಲ ಕೊಟ್ಟವರ ವಶದಲ್ಲಿದೆ. ನಾಳೆ ಸಾಲ ತೀರಿ ಚೆಕ್ಕು ವಾಪಸು ಕೇಳುವ ಹೊತ್ತಿಗೆ ಈ ಒಂದರ ವಾದ ಬಗೆಹರಿಯುವುದಿಲ್ಲ.

ಇನ್ನೂ ದೊಡ್ಡ ತೊಡಕು ಅದರ ಕೆಳಗಿನ ಪಟ್ಟಿಯಲ್ಲಿತ್ತು. ಟೈಪು ಮಾಡಿದ ಗುಮಾಸ್ತರು ಸಂಖ್ಯೆ ಏರಿದಂತೆ ತಾರೀಖೂ ಏರುತ್ತದೆಂದು ಭಾವಿಸಿ, 412625ನ್ನು ಕೊನೆಯ ಕಂತು 10-2-2027ರ ಎದುರು ಬರೆದಿದ್ದರು. ಚೆಕ್ಕಿನ ಮೇಲಿರುವುದು 10-2-2026. ಪಟ್ಟಿಯನ್ನು ನಂಬಿ ಕೆಲಸ ಮಾಡುವ ಕಛೇರಿಯಲ್ಲಿ ಅದು 2027ರವರೆಗೆ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. 2026ರ ಮೇ ಹೊತ್ತಿಗೇ ಅದರ ಅವಧಿ ಮುಗಿಯುತ್ತಿತ್ತು. ಸಂಖ್ಯೆಗಳ ಮೊದಲು ಕೊನೆ ಮಾತ್ರ ನೋಡಿದರೆ ಇದು ಎಂದಿಗೂ ಕಾಣದು. ನಮ್ಮ ಸದಸ್ಯರು ತಾವೇ ಬರೆದು ತಂದಿದ್ದ ಪಟ್ಟಿಯಲ್ಲಿ ಹೀಗಿತ್ತು: 412601ರಿಂದ 412611ರವರೆಗೆ 11 ಚೆಕ್ಕು, 2025ರ ಮಾರ್ಚಿನಿಂದ 2026ರ ಜನವರಿವರೆಗೆ, 412625 ಒಂದು, 2026ರ ಫೆಬ್ರವರಿಗೆ, 412613ರಿಂದ 412624ರವರೆಗೆ 12, 2026ರ ಮಾರ್ಚಿನಿಂದ 2027ರ ಫೆಬ್ರವರಿವರೆಗೆ, 412612 ರದ್ದು, ಕೊಟ್ಟಿಲ್ಲ. ಒಟ್ಟು 24. ಇದರ ಎರಡು ಪ್ರತಿ ಮಾಡಿ, ಪ್ರತಿ ಚೆಕ್ಕನ್ನೂ ಮೇಜಿನ ಮೇಲೆ ಓದಿಸಿ, ಒಂದು ಪ್ರತಿಗೆ ಅವರ ಮೊಹರು, ರುಜು, ತಾರೀಖು ಹಾಕಿಸಿಕೊಂಡು ಬಂದರು. ಅರ್ಧ ಗಂಟೆ ಹಿಡಿಯಿತಂತೆ. ಕಾಫಿಯನ್ನೂ ಕೊಡಲಿಲ್ಲವೆಂದು ಗೊಣಗಿದರು.

ಮೊಬಲಗಿನ ವಿಷಯದಲ್ಲಿ ಹೇಳುವುದು ಕಡಮೆ. ಕಂತು 18,460 ರೂಪಾಯಿ; ಆದರೆ ರೂಪಾಯಿಗಳನ್ನು ಹತ್ತಕ್ಕೆ ಏರಿಸಿದ್ದರಿಂದ ಕೊನೆಯ ಕಂತು 18,406ಕ್ಕೆ ಇಳಿದಿತ್ತು. ಒಂದೇ ಕೈಬೀಸಿನಲ್ಲಿ 24 ಹಾಳೆ ಬರೆಯುವವರು ಕೊನೆಯದಕ್ಕೂ 18,460 ಎಂದೇ ಬರೆದುಬಿಡುತ್ತಾರೆ, ಅಂಕಿಗಳೂ ಒಂದರಂತೆಯೇ ಇನ್ನೊಂದು. ಇದಕ್ಕೆ ಉಪಾಯ, ಚೆಕ್ಕುಗಳ ಮೊತ್ತವನ್ನೆಲ್ಲ ಕೂಡುವುದು. 23 ಕಂತಿಗೆ 4,24,580, ಕೊನೆಯದು 18,406, ಒಟ್ಟು 4,42,986. ಕಂತಿನ ಪಟ್ಟಿಯ ಒಟ್ಟು ಮೊತ್ತಕ್ಕೆ ಇದು ರೂಪಾಯಿಗೆ ರೂಪಾಯಿ ಸರಿಹೋಗಬೇಕು. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿರುವುದೇ ಮೊಬಲಗೆಂದು 1881ರ ಕಾಯಿದೆ ಹೇಳುತ್ತದೆ ನಿಜ, ಆದರೆ ಬ್ಯಾಂಕಿನವರು ವ್ಯತ್ಯಾಸವೆಂದು ಬರೆದು ವಾಪಸು ಕಳಿಸುವುದೇ ವಾಡಿಕೆ.

ಇನ್ನು ಖಾತೆ. ಒಂದೇ ಮನೆಯಲ್ಲಿ ಯಜಮಾನರದೊಂದು, ಯಜಮಾನಿತಿಯದೊಂದು, ಜಂಟಿಯಾದದ್ದೊಂದು, ಹೀಗೆ ಮೂರು ಪುಸ್ತಕಗಳು ಒಂದೇ ಅಲಮಾರಿನಲ್ಲಿರುತ್ತವೆ. ಕರಾರು ಪತ್ರದಲ್ಲಿ ಬರೆದ ಖಾತೆ ಸಂಖ್ಯೆ, ಹಾಳೆಯ ಮೇಲೆ ಅಚ್ಚಾದ ಖಾತೆ ಸಂಖ್ಯೆ, ರುಜು ಮಾಡುವವರು, ಈ ಮೂರೂ ಒಂದೇ ಆಗಿರಬೇಕು. ಹಾಳೆಯ ಬುಡದ ಬಿಳಿ ಪಟ್ಟಿಯಲ್ಲಿ ಮೊದಲ ಆರು ಅಂಕಿ ಚೆಕ್ಕಿನ ಸಂಖ್ಯೆ, ನಂತರದ ಒಂಬತ್ತು ಊರು, ಬ್ಯಾಂಕು, ಶಾಖೆಗಳ ಗುರುತು. ಬೇರೆ ಖಾತೆಯ ಪುಸ್ತಕದಲ್ಲೂ ಅದೇ ಆರು ಅಂಕಿ ಬರಬಹುದಾದ್ದರಿಂದ ಪಟ್ಟಿಯಲ್ಲಿ ಚೆಕ್ಕಿನ ಸಂಖ್ಯೆಯ ಜತೆ ಖಾತೆ ಸಂಖ್ಯೆಯೂ ಇರಬೇಕು. ನಮ್ಮ ಸೀಮೆಯವರಿಗೆ ಇನ್ನೊಂದು ಅನುಭವವುಂಟು. ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. 2021ರಲ್ಲಿ ಅವುಗಳ ಹಳೆಯ ಚೆಕ್ಕುಗಳು ನಿಂತುಹೋದವು. ಮೂರು ವರ್ಷದ ಕಂತಿಗೆ ಹಳೆಯ ಹೆಸರಿನ ಹಾಳೆ ಕೊಟ್ಟವರು ಅವನ್ನು ವಾಪಸು ಪಡೆದು ಹೊಸವನ್ನು ಕೊಡಬೇಕಾಯಿತು. ಹೊಸದನ್ನು ಕೊಡುವ ಮೊದಲು ಹಳೆಯದನ್ನು ಎಣಿಸಿ ಪಡೆಯಬೇಕು.

ರುಜು ಯಾರದೋ ಹೊಣೆಯೂ ಅವರದೇ ಎಂಬುದನ್ನು ಇಲ್ಲಿ ಹೇಳಬೇಕು. ಮಗನ ಸಾಲಕ್ಕೆ ತಾಯಿಯ ಖಾತೆಯ ಚೆಕ್ಕು ಕೊಟ್ಟು ಅದು ಹಣವಿಲ್ಲವೆಂದು ವಾಪಸಾದರೆ, 138ನೇ ಕಲಮಿನ ನೋಟೀಸು ಬರುವುದು ತಾಯಿಗೆ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಅವರು ನೋಟೀಸು ಕೊಡಬೇಕು; ಕೈಸೇರಿದ 15 ದಿನದೊಳಗೆ ಹಣ ಕಟ್ಟಿದರೆ ಮೊಕದ್ದಮೆಯಿಲ್ಲ. ಭದ್ರತೆಗೆಂದು ಒಂದೆರಡು ಖಾಲಿ ಹಾಳೆಗೆ ರುಜು ಕೇಳುವ ಪದ್ಧತಿಯೂ ಇದೆ. ಸ್ವಇಚ್ಛೆಯಿಂದ ಕೊಟ್ಟ ಖಾಲಿ ಹಾಳೆಯನ್ನು ಇನ್ನೊಬ್ಬರು ತುಂಬಿದರೂ ಸಾಲಕ್ಕಾಗಿಯೇ ಕೊಟ್ಟದ್ದೆಂಬ ಊಹೆ ನಿಲ್ಲುತ್ತದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ಹಾಗಲ್ಲವೆಂದು ತೋರಿಸುವ ಭಾರ ರುಜು ಮಾಡಿದವರ ಮೇಲೆ. ಕೊಡದೆ ಗತ್ಯಂತರವಿಲ್ಲದಿದ್ದರೆ ಅವುಗಳ ಸಂಖ್ಯೆಯನ್ನು "ಭದ್ರತೆಗೆ ಮಾತ್ರ, ಕಂತಿಗಲ್ಲ" ಎಂದು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಬರೆಸಿ ಮೊಹರು ಹಾಕಿಸಿಕೊಳ್ಳಿ.

ಆ ಪಟ್ಟಿಯ ನಮ್ಮ ಪ್ರತಿಯಲ್ಲಿ, ಕಂತು ಪಾಸಾದ ದಿನ ಪಾಸ್ ಪುಸ್ತಕ ನೋಡಿ ಗುರುತು ಹಾಕುತ್ತ ಹೋಗಬೇಕು. ಒಂದು ತಿಂಗಳು ನಗದಾಗಿ ಕಟ್ಟಿದರೆ ರಸೀದಿಯೊಂದಿಗೆ ಆ ತಿಂಗಳ ಚೆಕ್ಕನ್ನೂ ಅಂದೇ ವಾಪಸು ಪಡೆಯಬೇಕು. ಕಾಫಿ ಬಿಲ್ಲಿನ ಹಣದಿಂದ ಸಾಲವನ್ನು ನಡುವೆಯೇ ತೀರಿಸುವವರೂ ಇದೇ ಪಟ್ಟಿ ಹಿಡಿದು ಹೋಗಲಿ. ಮೇಲಿನ ಲೆಕ್ಕದಲ್ಲಿ 2026ರ ಮೇ ಕಂತಿನವರೆಗೆ, ಎಂದರೆ 15 ಕಂತು, ಸಂದ ಮೇಲೆ ಉಳಿದದ್ದನ್ನು ಒಟ್ಟಿಗೆ ಕಟ್ಟಿದರೆ ಕೈಗೆ ಬರಬೇಕಾದದ್ದು 412616ರಿಂದ 412624ರವರೆಗಿನ 9 ಚೆಕ್ಕು. ಬಾಕಿಯಿಲ್ಲವೆಂಬ ಪತ್ರ ಕೊಟ್ಟು ಚೆಕ್ಕು ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆಂದರೆ, ಆ ಒಂಬತ್ತು ಸಂಖ್ಯೆಗಳನ್ನು ಪತ್ರದಲ್ಲೇ ಬರೆಸಿಕೊಂಡು, ಅದೇ ದಿನ ನಮ್ಮ ಬ್ಯಾಂಕಿಗೆ ಹೋಗಿ ಅವುಗಳಿಗೆ ಪಾವತಿ ತಡೆ ಅರ್ಜಿ ಕೊಡುವುದು. ಪಟ್ಟಿಯ ನಮೂನೆ ಬೇಕಾದ ಸದಸ್ಯರು ಕಛೇರಿ ವೇಳೆಯಲ್ಲಿ ಗುಮಾಸ್ತರಿಂದ ಪಡೆಯಬಹುದು.